ಭರತನಾಟ್ಯದ ಟ್ರಯಲ್ ಕ್ಲಾಸ್: ಏನು ತೊಡಬೇಕು, ಎಷ್ಟು ಹೊತ್ತು, ಜೊತೆಗೆ ಯಾರಿರಬೇಕು

ಭರತನಾಟ್ಯ ಕಲಿಸುವ ಶಾಲೆಗಳಲ್ಲಿ ಹೊಸ ಮಗುವನ್ನು ಸೇರಿಸಿಕೊಳ್ಳುವ ಮೊದಲು ಒಂದು ಟ್ರಯಲ್ ಕ್ಲಾಸ್ ಇಡುವ ರೂಢಿ ಈಗ ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಸಾಮಾನ್ಯವಾಗಿದೆ. ತಾಯಿಯೋ ತಂದೆಯೋ ಫೋನ್ ಮಾಡಿ ವಿಚಾರಿಸುತ್ತಾರೆ, ಶಾಲೆಯವರು ಒಂದು ದಿನ ಗೊತ್ತುಮಾಡುತ್ತಾರೆ, ಆಮೇಲೆ ವಾಟ್ಸಾಪಿನಲ್ಲಿ ಅದನ್ನು ಖಚಿತಪಡಿಸುವ ಒಂದು ಸಂದೇಶ ಬರುತ್ತದೆ. ಹೆಚ್ಚಿನ ಸಂದೇಶಗಳು ಹೀಗಿರುತ್ತವೆ: "ನಮಸ್ಕಾರ. ನಿಮ್ಮ ಮಗಳ ಟ್ರಯಲ್ ಕ್ಲಾಸ್ ಶನಿವಾರ 5ಕ್ಕೆ ಇದೆ. ಅನುಕೂಲವಾದ ಬಟ್ಟೆ ಹಾಕಿ ಕರೆದುಕೊಂಡು ಬನ್ನಿ. ಪೋಷಕರು ಬರಬಹುದು."

ಓದಲು ಸರಳವಾಗಿರುವ ಈ ಸಂದೇಶದಲ್ಲಿ ಮೂರು ಕಡೆ ಅಸ್ಪಷ್ಟತೆಯಿದೆ. "ಅನುಕೂಲವಾದ ಬಟ್ಟೆ" ಎಂದರೆ ಒಂದು ಮನೆಯಲ್ಲಿ ಜೀನ್ಸ್, ಇನ್ನೊಂದು ಮನೆಯಲ್ಲಿ ಉದ್ದ ಲಂಗ. "5ಕ್ಕೆ" ಎಂದರೆ 5ಕ್ಕೆ ಗೇಟಿನ ಹತ್ತಿರ ಬರುವುದೋ, 5ಕ್ಕೆ ನಮಸ್ಕಾರಕ್ಕೆ ನಿಲ್ಲುವುದೋ ಗೊತ್ತಾಗುವುದಿಲ್ಲ; ಎಷ್ಟಕ್ಕೆ ಮುಗಿಯುತ್ತದೆ ಎಂಬುದಂತೂ ಇಲ್ಲವೇ ಇಲ್ಲ. "ಪೋಷಕರು ಬರಬಹುದು" ಎಂಬ ಮಾತನ್ನು ನಂಬಿ ಅಜ್ಜಿ, ತಾತ, ಪುಟ್ಟ ತಮ್ಮ ಎಲ್ಲರೂ ಬಂದು ಗೋಡೆಗೊರಗಿ ಕುಳಿತ ತರಗತಿಗಳೂ ಉಂಟು. ಉಡುಪು, ಅವಧಿ, ಪೋಷಕರ ಹಾಜರಿ ಈ ಮೂರನ್ನೂ ಶಾಲೆಯವರು ಸುಮ್ಮನೆ ಶಿಸ್ತಿಗಾಗಿ ಹೇಳುವುದಲ್ಲ. ಮೊದಲ ಪಾಠದಲ್ಲಿ ಮಗುವಿನ ಮೈ ಏನು ಮಾಡಬೇಕು, ಗುರು ಏನನ್ನು ನೋಡಬೇಕು ಎಂಬುದರಿಂದಲೇ ಈ ಮೂರೂ ನಿರ್ಧಾರವಾಗುತ್ತವೆ.

ಹಾಗಾಗಿ ಮೊದಲು ಆ ಪಾಠವನ್ನೇ ನೋಡಬೇಕು. ಭರತನಾಟ್ಯದ ತರಗತಿ ನಮಸ್ಕಾರದಿಂದ ಶುರುವಾಗುತ್ತದೆ. ಕಾಲಿನಿಂದ ಮೆಟ್ಟಲಿರುವ ಭೂಮಿಯ ಅನುಮತಿ ಕೇಳಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಗುರುವಿಗೆ ಕೈಮುಗಿಯುವುದು ಅದರ ಕ್ರಮ. ಆಮೇಲೆ ಅರಮಂಡಿ. ಹಿಮ್ಮಡಿಗಳನ್ನು ಹತ್ತಿರ ತಂದು, ಪಾದಗಳನ್ನು ಹೊರಕ್ಕೆ ತಿರುಗಿಸಿ, ಮಂಡಿಗಳನ್ನು ಪಕ್ಕಕ್ಕೆ ಮಡಿಸಿ, ಬೆನ್ನು ನೆಟ್ಟಗಿಟ್ಟು ಅರ್ಧ ಕುಳಿತು ನಿಲ್ಲುವ ಭಂಗಿಯಿದು. ಭರತನಾಟ್ಯದ ಬಹುಪಾಲು ಅಡವುಗಳು ಇದೇ ಭಂಗಿಯಲ್ಲಿ ನಡೆಯುತ್ತವೆ. ಅರಮಂಡಿಯಲ್ಲಿ ನಿಂತು, ಕೈಗಳನ್ನು ಸೊಂಟದ ಮೇಲಿಟ್ಟು, ಒಂದೊಂದೇ ಕಾಲನ್ನು ಹಿಂದಕ್ಕೆ ಮಡಿಸಿ ಎತ್ತಿ ಇಡೀ ಅಂಗಾಲು ನೆಲಕ್ಕೆ ಒಮ್ಮೆಲೇ ತಾಗುವಂತೆ ತಟ್ಟುವುದು ತಟ್ಟಡವು. ಗುರು ತಟ್ಟುಮಣೆಯ ಮೇಲೆ ಕೋಲಿನಿಂದ ಲಯ ಹಾಕುತ್ತಾ "ತೈಯಾ ತೈ" ಎಂದು ಸೊಲ್ಲು ಹೇಳುತ್ತಾರೆ. ಇದರ ಜೊತೆಗೆ ಪತಾಕ, ತ್ರಿಪತಾಕದಂಥ ಎರಡು ಮೂರು ಹಸ್ತಗಳನ್ನು ಕುಳಿತಲ್ಲೇ ಹೇಳಿಕೊಡುವುದುಂಟು. ಅಭಿನಯ ದರ್ಪಣದ 28 ಅಸಂಯುತ ಹಸ್ತಗಳಲ್ಲಿ ಮೊದಲಿಗೆ ಬರುವುದೇ ಪತಾಕ. ಟ್ರಯಲ್ ಕ್ಲಾಸಿನಲ್ಲಿ ಇದಕ್ಕಿಂತ ಮುಂದೆ ಹೋಗುವ ಅಗತ್ಯವಿಲ್ಲ.

ಈ ಪಾಠದಲ್ಲಿ ಗುರುವಿನ ಕಣ್ಣು ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಮಂಡಿಯ ಮೇಲೆ. ಅರಮಂಡಿಯಲ್ಲಿ ಕಾಲು ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ಮಗು ಪಾದವನ್ನಷ್ಟೇ ಬಲವಂತವಾಗಿ ಹೊರಕ್ಕೆ ತಿರುಗಿಸಿದರೆ ಮಂಡಿಚಿಪ್ಪು ಮುಂದಕ್ಕೇ ಉಳಿಯುತ್ತದೆ, ಪಾದದ ಒಳಭಾಗ ನೆಲಕ್ಕೆ ಕುಸಿಯುತ್ತದೆ, ತಿರುಚಿದ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಇದನ್ನು ಗುರುತಿಸಲು ಒಂದು ಸುಲಭದ ನೋಟವಿದೆ: ಮಡಿಸಿದ ಮಂಡಿ ಮತ್ತು ಕಾಲ್ಬೆರಳುಗಳು ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ಬೆರಳು ಪಕ್ಕಕ್ಕೆ, ಮಂಡಿ ಮುಂದಕ್ಕೆ ಇದ್ದರೆ ಪಾದಗಳ ತಿರುವನ್ನು ಕಡಿಮೆ ಮಾಡಿಸಬೇಕು. ಮೊದಲ ದಿನವೇ ಇದನ್ನು ಕಂಡುಹಿಡಿಯುವ ಗುರು ಮಗುವಿಗೆ ಮುಂದೆ ಬರಬಹುದಾದ ಮಂಡಿನೋವಿನ ಒಂದು ಕಾರಣವನ್ನೇ ತಪ್ಪಿಸಿದಂತೆ. ಆದರೆ ಕಂಡುಹಿಡಿಯಬೇಕಾದರೆ ಮಂಡಿ ಕಾಣಬೇಕು, ಕಡೇಪಕ್ಷ ಅದರ ಆಕಾರವಾದರೂ ಬಟ್ಟೆಯ ಮೇಲಿಂದ ತಿಳಿಯಬೇಕು.

ಉಡುಪಿನ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ನಾಟ್ಯದ ತರಗತಿಯೆಂದು ಉತ್ಸಾಹದಿಂದ ಮಗುವಿಗೆ ರೇಷ್ಮೆ ಲಂಗ-ಬ್ಲೌಸ್ ತೊಡಿಸಿ, ಹೂ ಮುಡಿಸಿ ಕರೆತರುವ ಮನೆಯವರಿದ್ದಾರೆ. ಆ ಪ್ರೀತಿ ದೊಡ್ಡದು, ಆದರೆ ಉದ್ದ ಲಂಗದೊಳಗೆ ಮಂಡಿ ಎಲ್ಲಿದೆ ಎಂದು ಗುರುವಿಗೆ ಕಾಣುವುದಿಲ್ಲ, ಅಂಚು ಹಿಮ್ಮಡಿಗೆ ಸಿಕ್ಕಿ ಮಗು ಎಡವುತ್ತದೆ. ಜೀನ್ಸ್ ಹಾಕಿದರೆ ಮಂಡಿ ಕಾಣುತ್ತದೆ, ಮಡಿಯುವುದಿಲ್ಲ. ಫ್ರಾಕ್ ಹಾಕಿದ ಹುಡುಗಿ ಅರಮಂಡಿ ಕೂರುವಾಗ ಕೈಯಿಂದ ಫ್ರಾಕನ್ನೇ ಕೆಳಗೆ ಎಳೆದುಕೊಳ್ಳುತ್ತಿರುತ್ತಾಳೆ. ಸೊಂಟದ ಮೇಲಿರಬೇಕಾದ ಕೈ ಅಲ್ಲಿ ನಿಲ್ಲುವುದೇ ಇಲ್ಲ. ಪಾದ ಮುಚ್ಚುವ ನೈಲಾನ್ ಟೈಟ್ಸ್ ಮತ್ತು ಸಾಕ್ಸ್ ನೆಲದ ಮೇಲೆ ಜಾರುತ್ತವೆ. ಪಲಾಜೋದಂಥ ಅಗಲವಾದ ಪ್ಯಾಂಟಿನಲ್ಲಿ ಹಿಂದಕ್ಕೆತ್ತಿದ ಕಾಲು ಸಿಕ್ಕಿಕೊಳ್ಳುತ್ತದೆ.

ಮೊದಲ ದಿನಕ್ಕೆ ಸರಿಹೋಗುವುದು ಹತ್ತಿಯ ಚೂಡಿದಾರ. ಮೇಲಂಗಿ ಮಂಡಿಯವರೆಗೆ ಬಂದರೆ ಸಾಕು, ಎರಡೂ ಪಕ್ಕ ಸೀಳಿರಬೇಕು. ಸೀಳಿಲ್ಲದ ಮೇಲಂಗಿ ಅರಮಂಡಿಯಲ್ಲಿ ತೊಡೆಯ ಮೇಲೆ ಬಿಗಿದು ಮಂಡಿಯನ್ನು ಒಳಕ್ಕೆ ಎಳೆಯುತ್ತದೆ. ಕೆಳಗಿನ ಪೈಜಾಮ ಕಾಲಿಗೆ ಹತ್ತಿರವಾಗಿದ್ದು ಮಡಿಸಲು ಸಡಿಲವಿರಬೇಕು, ಕಣಕಾಲಿನ ಮೇಲೇ ನಿಲ್ಲಬೇಕು. ಹತ್ತಿಯ ಲೆಗಿಂಗ್ಸ್ ಮೇಲೆ ಸಡಿಲ ಕುರ್ತಾ ಹಾಕಿದರೂ ನಡೆಯುತ್ತದೆ. ಸ್ವಲ್ಪ ದೊಡ್ಡ ಹುಡುಗಿಯರಾದರೆ ದುಪಟ್ಟವನ್ನು ಎಡಭುಜದಿಂದ ಓರೆಯಾಗಿ ತಂದು ಬಲಸೊಂಟದ ಬಳಿ ಗಂಟು ಹಾಕಿಕೊಳ್ಳುವುದು ವಾಡಿಕೆ. ಆ ಗಂಟು ಬಿಗಿಯಾಗಿರಬೇಕು, ತುದಿ ಇಳಿಬೀಳಬಾರದು. ಆರೇಳು ವರ್ಷದ ಮಗುವಿಗೆ ದುಪಟ್ಟ ಬೇಕೇಬೇಕೆಂದಿಲ್ಲ. ಹುಡುಗರಿಗೆ ಕುರ್ತಾ-ಪೈಜಾಮ ಚೆನ್ನ, ಅದಿಲ್ಲದಿದ್ದರೆ ಟೀ ಶರ್ಟ್ ಮತ್ತು ಹತ್ತಿಯ ಟ್ರ್ಯಾಕ್ ಪ್ಯಾಂಟ್. ಕಚ್ಚೆ ಹಾಕಿದ ಪಂಚೆ ಸೇರಿದ ಮೇಲಿನ ಮಾತು.

ಅಭ್ಯಾಸದ ಸೀರೆಯೂ ಹಾಗೆಯೇ. ಪೈಜಾಮದ ಮೇಲೆ ಮಂಡಿಯ ಕೆಳಗಿನವರೆಗೆ ಉಡುವ ಈ ಗಿಡ್ಡ ಹತ್ತಿ ಸೀರೆಯ ಬಣ್ಣ, ಅಂಚು ಶಾಲೆಯಿಂದ ಶಾಲೆಗೆ ಬೇರೆ. ಎಷ್ಟೋ ಶಾಲೆಗಳಲ್ಲಿ ಅದೇ ಸಮವಸ್ತ್ರ. ಟ್ರಯಲ್ ಕ್ಲಾಸಿಗೆ ಮೊದಲೇ ಅಂಗಡಿಯಿಂದ ಕೊಂಡು ತಂದರೆ ಬೇರೆ ಬಣ್ಣದ್ದನ್ನು ಮತ್ತೆ ಕೊಳ್ಳಬೇಕಾಗಬಹುದು. ಗೆಜ್ಜೆಯಂತೂ ಕೊಳ್ಳಲೇಬಾರದು. ಗೆಜ್ಜೆ ಕಟ್ಟುವುದಕ್ಕೆ ಅದರದೇ ಆದ ಹಂತವಿದೆ, ಗೆಜ್ಜೆ ಪೂಜೆ ಎಂಬ ಸಂಪ್ರದಾಯವಿದೆ. ಗುರು ಹೇಳಿದಾಗಲೇ ಅದು ಕಾಲಿಗೇರುವುದು. ಮನೆಯಲ್ಲಿ ದಿನವೂ ಹಾಕುವ ಬೆಳ್ಳಿಯ ಕಾಲ್ಗೆಜ್ಜೆಯನ್ನೂ ಅಂದು ಬಿಚ್ಚಿಡುವುದು ಒಳ್ಳೆಯದು. ಅಂಗಾಲು ನೆಲಕ್ಕೆ ಸರಿಯಾಗಿ ಬಿದ್ದರೆ ಒಂದು ತುಂಬಿದ ಸದ್ದು ಬರುತ್ತದೆ, ಹಿಮ್ಮಡಿ ಮೊದಲು ಬಿದ್ದರೆ ಬೇರೆಯದೇ ಸದ್ದು. ಗುರು ಕಣ್ಣಿಗಿಂತ ಮೊದಲು ಕಿವಿಯಿಂದ ಆ ತಪ್ಪನ್ನು ಹಿಡಿಯುತ್ತಾರೆ. ಕಾಲ್ಗೆಜ್ಜೆಯ ಕಿಣಿಕಿಣಿ ಅದನ್ನು ಮುಚ್ಚಿಬಿಡುತ್ತದೆ. ಉದ್ದ ಸರ, ಜೋಲಾಡುವ ಓಲೆ, ಗಾಜಿನ ಬಳೆ ಕೂಡ ಮನೆಯಲ್ಲೇ ಇರಲಿ. ಕೂದಲನ್ನು ಜಡೆ ಹೆಣೆದೋ ಗಂಟು ಕಟ್ಟಿಯೋ ಮುಖದಿಂದ ಹಿಂದಕ್ಕೆ ಇಡಬೇಕು. ಗಿಡ್ಡ ಕೂದಲಿಗೆ ಹೇರ್‌ಬ್ಯಾಂಡ್ ಸಾಕು. ಹಣೆಗೆ ಬೊಟ್ಟು ಇರಬೇಕೆಂದು ಬಯಸುವ ಗುರುಗಳು ಬಹಳ ಮಂದಿ. ಶಾಲೆಗೆ ಅಂಥ ನಿಯಮವಿದ್ದರೆ ಅದನ್ನು ಸಂದೇಶದಲ್ಲೇ ಬರೆಯಬೇಕು, ಬಾಗಿಲಲ್ಲಿ ಮಗುವನ್ನು ನಿಲ್ಲಿಸಿ ಹೇಳಬಾರದು.

ಇನ್ನೊಂದು ಸಣ್ಣ ವಿಷಯವನ್ನು ಸಂದೇಶಗಳು ಹೆಚ್ಚಾಗಿ ಮರೆಯುತ್ತವೆ. ವಾರದ ದಿನಗಳಲ್ಲಿ ಮಕ್ಕಳು ಸ್ಕೂಲಿನಿಂದ ನೇರವಾಗಿ ಯೂನಿಫಾರ್ಮಿನಲ್ಲೇ ಬರುತ್ತಾರೆ. ಬಟ್ಟೆ ಬದಲಿಸಲು ಕೋಣೆಯಿದೆಯೇ ಇಲ್ಲವೇ ಎಂಬುದು ಮೊದಲೇ ತಿಳಿದರೆ ತಾಯಿ ಕಾರಿನ ಹಿಂದಿನ ಸೀಟಿನಲ್ಲಿ ಪರದಾಡುವುದು ತಪ್ಪುತ್ತದೆ.

ನೆಲದ ಬಗ್ಗೆಯೂ ಒಂದು ಮಾತು. ಭರತನಾಟ್ಯ ಬರಿಗಾಲಿನದು. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವಾಗಲಿ, ಈಗಿನ ಟೈಲ್ಸ್ ಅಥವಾ ಗ್ರಾನೈಟ್ ಆಗಲಿ, ಕಾಂಕ್ರೀಟಿನ ಮೇಲೆ ಕೂರಿಸಿದ ಯಾವ ನೆಲವೂ ಕಾಲು ತಟ್ಟಿದ ಪೆಟ್ಟನ್ನು ಹೀರಿಕೊಳ್ಳುವುದಿಲ್ಲ. ಅಡಿಯಲ್ಲಿ ಸ್ವಲ್ಪ ಟೊಳ್ಳಿರುವ ಮರದ ಹಲಗೆಯ ನೆಲ ಮಾತ್ರ ತುಸು ಹೀರಿಕೊಳ್ಳುತ್ತದೆ. ಗಟ್ಟಿ ನೆಲದ ಶಾಲೆಯನ್ನು ತಿರಸ್ಕರಿಸಬೇಕಿಲ್ಲ, ಬಹುಪಾಲು ಶಾಲೆಗಳು ಹಾಗೇ ಇವೆ. ಆದರೆ ಅಂಥ ಕಡೆ ಮೊದಲ ದಿನ ಮಗುವಿನಿಂದ ಜೋರಾಗಿ, ಬಹಳ ಹೊತ್ತು ತಟ್ಟಿಸಬಾರದು.

ಅವಧಿಯ ಲೆಕ್ಕ ಇಲ್ಲಿಗೆ ಸೇರುತ್ತದೆ. ಐದರಿಂದ ಏಳು ವರ್ಷದ ಮಗುವಿಗೆ ಟ್ರಯಲ್ ಕ್ಲಾಸ್ 45 ನಿಮಿಷ ಇದ್ದರೆ ಹದ. ಇದಕ್ಕಿಂತ ಬಹಳ ಕಡಿಮೆಯಾದರೆ ಪ್ರಯೋಜನವಿಲ್ಲ, ಏಕೆಂದರೆ ಹೊಸ ಜಾಗದಲ್ಲಿ ಮಗುವಿನ ಸಂಕೋಚ ಬಿಡಲೇ ಹತ್ತು ಹದಿನೈದು ನಿಮಿಷ ಬೇಕು. ಇಪ್ಪತ್ತು ನಿಮಿಷಕ್ಕೆ ಮುಗಿಸಿದರೆ ಗುರು ನೋಡಿದ್ದು ಬರೀ ಸಂಕೋಚವನ್ನು. ಒಂದೂವರೆ ಗಂಟೆ ಎಳೆದರೆ ಕೇಡು ಬೇರೆ ಬಗೆಯದು. ತೊಡೆಯ ಸ್ನಾಯು ದಣಿದಾಗ ಮಗು ಗೊತ್ತಿಲ್ಲದೆಯೇ ಮಂಡಿಗಳನ್ನು ಒಳಕ್ಕೆ ಬಿಡುತ್ತದೆ, ಸೊಂಟವನ್ನು ಹಿಂದಕ್ಕೆ ತಳ್ಳಿ ಬೆನ್ನನ್ನು ಮುಂದಕ್ಕೆ ಬಗ್ಗಿಸುತ್ತದೆ. ಆ ಸ್ಥಿತಿಯಲ್ಲಿ ಮಾಡಿದ ಅಡವು ತಪ್ಪನ್ನೇ ಅಭ್ಯಾಸ ಮಾಡಿಸುತ್ತದೆ. ಮರುದಿನ ಮೆಟ್ಟಿಲಿಳಿಯುವಾಗ ತೊಡೆ ನೋಯುತ್ತದೆ, "ನಾನು ಡಾನ್ಸಿಗೆ ಹೋಗಲ್ಲ" ಎಂಬ ಮಾತು ಬರುತ್ತದೆ.

ಆ 45 ನಿಮಿಷ ಹೇಗೆ ಸಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಾಗಿ ನೋಡಬಹುದು. ಆರು ವರ್ಷದ ಹುಡುಗಿಗೆ ಶನಿವಾರ ಸಂಜೆ 5ಕ್ಕೆ ತರಗತಿ. 4.45ಕ್ಕೆ ಬಂದು ಚಪ್ಪಲಿ ಬಿಟ್ಟು, ನೀರು ಕುಡಿದು, ಟಾಯ್ಲೆಟ್ಟಿಗೆ ಹೋಗಿಬಂದು ಕುಳಿತರೆ 5ಕ್ಕೆ ಎಲ್ಲರ ಜೊತೆ ನಮಸ್ಕಾರಕ್ಕೆ ನಿಲ್ಲಬಹುದು. ಮೊದಲ ಐದು ನಿಮಿಷ ನಮಸ್ಕಾರ ಮತ್ತು ಅಕ್ಕಂದಿರು ಮಾಡುವುದನ್ನು ನೋಡುವುದು. ಮುಂದಿನ ಹತ್ತು ನಿಮಿಷ ಕುತ್ತಿಗೆ, ಭುಜ, ಸೊಂಟ, ಕಣಕಾಲು ಸಡಿಲಿಸುವ ವ್ಯಾಯಾಮ. ಆಮೇಲೆ ಹತ್ತು ನಿಮಿಷ ನೆಲದ ಮೇಲೆ ಕುಳಿತು ಹಸ್ತಗಳು. ಈ ಹೊತ್ತಿಗೆ ಮಗುವಿನ ಬಾಯಿ ಬಿಟ್ಟಿರುತ್ತದೆ. ನಂತರದ ಹದಿನೈದು ನಿಮಿಷ ಅರಮಂಡಿ ಮತ್ತು ತಟ್ಟಡವು, ಅದೂ ಒಂದೇ ಸಮನೆ ಅಲ್ಲ. ಎಂಟು ಎಣಿಕೆಯಷ್ಟು ನಿಂತು, ನೆಟ್ಟಗಾಗಿ, ಕಾಲು ಒದರಿ, ಮತ್ತೆ ನಿಲ್ಲುವುದು. ತಟ್ಟಡವನ್ನು ಮೂರು ಕಾಲದಲ್ಲಿ ಮಾಡುವ ಪದ್ಧತಿಯಿದ್ದರೂ ಅಂದು ಮೊದಲ ಕಾಲವೊಂದೇ ಸಾಕು. ಕೊನೆಯ ಐದು ನಿಮಿಷ ಆದಿತಾಳದ ಎಂಟು ಎಣಿಕೆಯನ್ನು ಕೈಯಲ್ಲಿ ಹಾಕಿಸಿ, ನಮಸ್ಕಾರ ಮಾಡಿಸಿ ಮುಗಿಸುವುದು. 5.45ಕ್ಕೆ ತರಗತಿ ಮುಗಿದ ಮೇಲೆ ಗುರು ಮತ್ತು ಪೋಷಕರ ಮಾತಿಗೆ ಇನ್ನೊಂದು ಹತ್ತು ನಿಮಿಷ. ಆದ್ದರಿಂದ ಸಂದೇಶದಲ್ಲಿ "4.45ಕ್ಕೆ ಬನ್ನಿ, ತರಗತಿ 5ರಿಂದ 5.45, 6ಕ್ಕೆ ಹೊರಡಬಹುದು" ಎಂದು ಮೂರೂ ಹೊತ್ತನ್ನು ಬರೆದರೆ ಗೊಂದಲವಿರುವುದಿಲ್ಲ. 5ರ ತರಗತಿಗೆ ಮಗು 3.30ರ ಹೊತ್ತಿಗೆ ಹಗುರವಾಗಿ ಏನಾದರೂ ತಿಂದಿರಬೇಕು. ತುಂಬಿದ ಹೊಟ್ಟೆಯಲ್ಲಿ ಅರಮಂಡಿ ಆಗದು, ಹಸಿದ ಹೊಟ್ಟೆಯಲ್ಲಿ ಅರ್ಧ ಗಂಟೆಗೆ ಅಳು ಬರುತ್ತದೆ.

ಹೊತ್ತು ಗೊತ್ತುಮಾಡುವಾಗ ನಮ್ಮ ಕಡೆ ರಾಹುಕಾಲದ ಮಾತೂ ಬರುತ್ತದೆ. ಭಾನುವಾರ ಸಂಜೆ ಅನೇಕ ಶಾಲೆಗಳಲ್ಲಿ ತರಗತಿ ಇರುತ್ತದೆ, ಕ್ಯಾಲೆಂಡರಿನಂತೆ ಅಂದು 4.30ರಿಂದ 6ರವರೆಗೆ ರಾಹುಕಾಲ. ಹೊಸ ವಿದ್ಯೆಗೆ ಆ ಹೊತ್ತು ಬೇಡವೆನ್ನುವ ಮನೆಯವರು ಕೊನೆಯ ಗಳಿಗೆಯಲ್ಲಿ ತಡವಾಗಿ ಬಂದು ತರಗತಿಯ ನಡುವೆ ಕಾಲಿಡುವುದಕ್ಕಿಂತ ಶನಿವಾರ ಸಂಜೆ ಕೊಡಿ ಎಂದು ಮೊದಲೇ ಕೇಳುವುದು ಮೇಲು. ವಿಜಯದಶಮಿಯದು ಇನ್ನೊಂದು ವಿಚಾರ. ಅಂದು ವಿದ್ಯಾರಂಭ ಮಾಡಿಸುವ ಶಾಲೆಗಳಲ್ಲಿ ಜನ ತುಂಬಿರುತ್ತಾರೆ, ಹೊಸ ಮಗುವಿಗೆ ಪೂಜೆ, ನಮಸ್ಕಾರ, ನಾಲ್ಕು ಹೆಜ್ಜೆ ಇಷ್ಟೇ ಸಿಗುವುದು. ಅದು ಸೇರ್ಪಡೆಯ ಮುಹೂರ್ತ, ಟ್ರಯಲ್ ಕ್ಲಾಸ್ ಅಲ್ಲ. ವಿಜಯದಶಮಿಗೆ ಸೇರಿಸಬೇಕೆಂದಿರುವವರು ಟ್ರಯಲ್ ಕ್ಲಾಸನ್ನು ಒಂದೆರಡು ವಾರ ಮೊದಲೇ ಮುಗಿಸಿಕೊಂಡರೆ ಅಂದಿನ ತಾಂಬೂಲ, ಗುರುದಕ್ಷಿಣೆ ಗಟ್ಟಿ ಮನಸ್ಸಿನಿಂದ ಕೊಟ್ಟದ್ದಾಗುತ್ತದೆ. ಟ್ರಯಲ್ ಕ್ಲಾಸಿನ ದಿನವೇ ತಟ್ಟೆಯಲ್ಲಿ ಹಣ್ಣು, ವೀಳ್ಯ ಇಟ್ಟು ತರುವುದು ಬೇಡ. ಅದರಿಂದ ಸೇರಲೇಬೇಕೆಂಬ ಮುಲಾಜು ಎರಡೂ ಕಡೆ ಹುಟ್ಟುತ್ತದೆ.

ಪೋಷಕರು ಒಳಗಿರಬೇಕೇ ಎಂಬುದು ಮೂರರಲ್ಲಿ ಹೆಚ್ಚು ಕಷ್ಟದ ಪ್ರಶ್ನೆ. ಇಲ್ಲಿ ಇಬ್ಬರ ಮಾತಿನಲ್ಲೂ ನ್ಯಾಯವಿದೆ. ತಾಯಿ ಕಣ್ಣೆದುರಿಗಿದ್ದರೆ ಮಗು ಗುರುವನ್ನು ನೋಡುವುದಿಲ್ಲ. ಗುರು "ಪತಾಕ ಹಿಡಿ" ಎಂದರೆ ಮಗುವಿನ ಕಣ್ಣು ಅಮ್ಮನ ಕಡೆ ಹೊರಳುತ್ತದೆ, ಅಮ್ಮನ ಕೈ ತಾನಾಗಿಯೇ ಮೇಲೇಳುತ್ತದೆ, ಮಗು ಅದನ್ನು ನೋಡಿ ಮಾಡುತ್ತದೆ. ಎರಡು ಸಲ ಹೀಗಾದರೆ ಗುರುವಿಗೆ ಮಗುವಿನ ಗ್ರಹಿಕೆ ಎಷ್ಟು ಎಂಬುದೇ ತಿಳಿಯದು. "ಸರಿಯಾಗಿ ಮಾಡು ಪುಟ್ಟಿ, ಮನೇಲಿ ಚೆನ್ನಾಗಿ ಕುಣೀತಿದ್ಯಲ್ಲ" ಎಂಬ ಹುರಿದುಂಬಿಸುವ ಮಾತು ಕೂಡ ಮಗುವನ್ನು ಕುಗ್ಗಿಸಬಲ್ಲದು. ಇನ್ನೊಂದು ಕಡೆ, ಗುರುತು ಪರಿಚಯವಿಲ್ಲದ ಜಾಗದಲ್ಲಿ ಐದಾರು ವರ್ಷದ ಮಗುವನ್ನು ಬಿಟ್ಟು ಬಾಗಿಲು ಮುಚ್ಚಿಕೊಳ್ಳಿ ಎಂದರೆ ಯಾವ ತಾಯಿಯೂ ಒಪ್ಪಬೇಕಿಲ್ಲ.

ಎರಡನ್ನೂ ಸರಿದೂಗಿಸುವ ದಾರಿ ವಯಸ್ಸಿನ ಮೇಲೆ ನಿಂತಿದೆ. ಏಳು ವರ್ಷದೊಳಗಿನ ಮಗುವಾದರೆ ಪೋಷಕರಲ್ಲಿ ಒಬ್ಬರು ಮಾತ್ರ ಮೊದಲ ಹತ್ತು ಹದಿನೈದು ನಿಮಿಷ ಕೋಣೆಯ ಹಿಂಬದಿಯಲ್ಲಿ, ಮಗುವಿನ ಬೆನ್ನಿಗೆ ಕೂರಬೇಕು. ಮಗು ತಿರುಗಿ ನೋಡಿದರೆ ಅಮ್ಮ ಇದ್ದಾಳೆ, ನೋಡದಿದ್ದರೆ ಗುರು ಮಾತ್ರ ಕಾಣುತ್ತಾರೆ. ಮಗು ಹೊಂದಿಕೊಂಡ ಮೇಲೆ "ನಾನು ಹೊರಗೆ ಬೆಂಚಿನ ಮೇಲೆ ಇರ್ತೀನಿ" ಎಂದು ಹೇಳಿಯೇ ಹೊರಗೆ ಬರಬೇಕು. ಹೇಳದೆ ಜಾರಿಕೊಳ್ಳುವುದು ಅಂದಿಗೆ ಸುಲಭ, ಆದರೆ ಮುಂದಿನ ತರಗತಿಯಲ್ಲಿ ಮಗು ಗುರುವಿನ ಕಡೆ ನೋಡದೆ ಬಾಗಿಲ ಕಡೆಯೇ ನೋಡುತ್ತದೆ. ಎಂಟು ವರ್ಷ ದಾಟಿದವರಿಗೆ ಪೋಷಕರು ಹೊರಗಿದ್ದರೂ ನಡೆಯುತ್ತದೆ. ಯಾವ ವಯಸ್ಸಿನವರಾದರೂ ಕೊನೆಯ ಐದು ನಿಮಿಷ ಪೋಷಕರನ್ನು ಒಳಗೆ ಕರೆದು ಅಂದು ಕಲಿತದ್ದನ್ನು ತೋರಿಸುವುದು ಒಳ್ಳೆಯ ಪದ್ಧತಿ. ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ಮಂಡಿ ಎಲ್ಲಿರಬೇಕೆಂದು ಅವರಿಗೂ ಗೊತ್ತಾಗುತ್ತದೆ.

ಹೊರಗಿರುವುದೆಂದರೆ ಕಾಣದಿರುವುದಲ್ಲ. ಬಾಗಿಲು ತೆರೆದಿರಬೇಕು, ಇಲ್ಲವೇ ಗಾಜಿನ ಕಿಂಡಿಯಿರಬೇಕು. ಗುರು ಮಗುವಿನ ಮಂಡಿ, ಬೆನ್ನು, ಭುಜ ಮುಟ್ಟಿ ತಿದ್ದುವುದು ಈ ವಿದ್ಯೆಯಲ್ಲಿ ಸಹಜ. ಹಾಗೆ ತಿದ್ದುವ ಪದ್ಧತಿಯಿದೆ ಎಂದು ಶಾಲೆಯವರು ಮೊದಲೇ ಹೇಳಬೇಕು, ಮಗುವನ್ನು ಕೇಳಿಯೇ ಮುಟ್ಟಬೇಕು, ಬೇಡವೆಂದರೆ ಕೋಲಿನಿಂದ ದಿಕ್ಕು ತೋರಿಸಿಯೋ ತಾವೇ ಮಾಡಿ ತೋರಿಸಿಯೋ ತಿದ್ದಬಹುದು. ಚಿಕ್ಕ ಮಗು ಟಾಯ್ಲೆಟ್ಟಿಗೆ ಹೋಗಬೇಕೆಂದರೆ ಕರೆದೊಯ್ಯುವವರು ಯಾರು, ತರಗತಿ ಮುಗಿದ ಮೇಲೆ ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ ಎಂಬುದಕ್ಕೂ ನೇರ ಉತ್ತರವಿರಬೇಕು. ಪೋಷಕರು ಒಳಗೂ ಬರುವಂತಿಲ್ಲ, ಹೊರಗಿನಿಂದ ನೋಡುವಂತೆಯೂ ಇಲ್ಲ ಎನ್ನುವ ಶಾಲೆಗೆ ಮಗುವನ್ನು ಕಳಿಸಬಾರದು, ಗುರುವಿನ ಹೆಸರು ಎಷ್ಟೇ ದೊಡ್ಡದಿರಲಿ.

ಪೋಷಕರಿಗೂ ಕಟ್ಟುಪಾಡಿದೆ. ಮೊಬೈಲ್ ಸದ್ದು ಮಾಡಬಾರದು. ವಿಡಿಯೊ ತೆಗೆಯುವ ಮೊದಲು ಕೇಳಬೇಕು, ಏಕೆಂದರೆ ಫ್ರೇಮಿನಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ. ಪುಟ್ಟ ತಮ್ಮ ತಂಗಿಯರನ್ನು ಕರೆತಂದರೆ ಅವರು ತಟ್ಟುಮಣೆಯ ಕಡೆಗೇ ಓಡುತ್ತಾರೆ. ಸಾಧ್ಯವಾದರೆ ಮನೆಯಲ್ಲಿ ಬಿಟ್ಟು ಬರಬೇಕು. ಮಗು ಅತ್ತುಬಿಟ್ಟರೆ ಗದರಿಸುವುದೂ ಬೇಡ, ಒತ್ತಾಯವೂ ಬೇಡ. ತಾಯಿಯ ಪಕ್ಕದಲ್ಲೇ ಕೂರಿಸಿ ಇಡೀ ತರಗತಿ ನೋಡಲು ಬಿಟ್ಟು, ಇನ್ನೊಂದು ದಿನ ಮತ್ತೆ ಕರೆಯುವ ಗುರುವಿಗೆ ಮಕ್ಕಳ ಸ್ವಭಾವ ಗೊತ್ತು ಎಂದರ್ಥ.

ತರಗತಿ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ "ನಮ್ಮ ಮಗಳಿಗೆ ಬರುತ್ತಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. 45 ನಿಮಿಷದಲ್ಲಿ ಅದಕ್ಕೆ ಉತ್ತರ ಹೇಳಲಾಗದು. ಗುರು ಹೇಳಬಲ್ಲದ್ದು ಇಷ್ಟು: ಮಗು ಮಾತು ಕೇಳಿ ಮಾಡುತ್ತದೆಯೇ, ಚಪ್ಪಾಳೆಯ ಲಯ ಹಿಡಿಯುತ್ತದೆಯೇ, ಒಂಟಿಕಾಲಿನಲ್ಲಿ ತುಸು ನಿಲ್ಲುತ್ತದೆಯೇ. ಕೆಲವು ಮಕ್ಕಳಿಗೆ ನೆಟ್ಟಗೆ ನಿಂತಾಗ ಮಂಡಿಗಳು ಒಂದಕ್ಕೊಂದು ತಾಗಿ ಕಣಕಾಲುಗಳು ದೂರವಿರುತ್ತವೆ. ಮೂರು ನಾಲ್ಕು ವರ್ಷದಲ್ಲಿ ಇದು ಬಹಳ ಸಾಮಾನ್ಯ, ಏಳೆಂಟು ವರ್ಷದ ಹೊತ್ತಿಗೆ ಹೆಚ್ಚಿನವರಲ್ಲಿ ತಾನಾಗಿ ಸರಿಹೋಗುತ್ತದೆ. ಅದೊಂದೇ ಕಾರಣಕ್ಕೆ "ಅರಮಂಡಿ ಬರೋದಿಲ್ಲ" ಎಂದು ಮಗುವನ್ನು ವಾಪಸು ಕಳಿಸುವುದು ತಪ್ಪು. ನೋವಿದ್ದರೆ, ಒಂದೇ ಕಾಲು ಹಾಗಿದ್ದರೆ, ಏಳೆಂಟು ವರ್ಷ ದಾಟಿದರೂ ಉಳಿದಿದ್ದರೆ ವೈದ್ಯರಿಗೆ ತೋರಿಸಬೇಕು.

ಸಂಗೀತದ ಟ್ರಯಲ್ ಕ್ಲಾಸಿನಲ್ಲಿ ಇವೆಲ್ಲ ಸರಳ. ಹಾಡುವವರೂ ವೀಣೆ, ಮೃದಂಗ ಕಲಿಯುವವರೂ ಚಕ್ಕಳಮಕ್ಕಳ ಹಾಕಿ ಕೂರಬೇಕಾದ್ದರಿಂದ ಸಡಿಲವಾದ ಪೈಜಾಮ ಇದ್ದರಾಯಿತು. ಮಗುವಿನ ಕಂಠಕ್ಕೆ ಹೊಂದುವ ಶ್ರುತಿ ಹುಡುಕಿ, ಮಾಯಾಮಾಳವಗೌಳದ ಸ್ವರಗಳನ್ನು ಒಮ್ಮೆ ಹೇಳಿಸಲು ಅರ್ಧ ಗಂಟೆ ಸಾಕು. ಕೆಮ್ಮು, ಗಂಟಲುನೋವು ಇದ್ದರೆ ಮಾತ್ರ ದಿನ ಮುಂದೂಡಬೇಕು.

ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೆ ಆನ್‌ಲೈನ್ ಟ್ರಯಲ್ ಕ್ಲಾಸಿನಲ್ಲಿ ಗಡಿಯಾರವೇ ತೊಡಕು. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಶನಿವಾರ ಸಂಜೆ 6.30 ಆದಾಗ ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ 7. ಅಲ್ಲಿ ಚಳಿಗಾಲದ ಸಮಯಕ್ಕೆ ಗಡಿಯಾರ ತಿರುಗಿದ ಮೇಲೆ ಅದೇ 6.30ಕ್ಕೆ ಇಲ್ಲಿ 8. ಅದಕ್ಕೇ ಸಂದೇಶದಲ್ಲಿ ಎರಡೂ ಊರಿನ ವಾರ ಮತ್ತು ಹೊತ್ತನ್ನು ಬರೆಯಬೇಕು. ಇಲ್ಲಿ ಪೋಷಕರು ಇರಲೇಬೇಕು. ಮಗುವಿನ ತಲೆಯಿಂದ ಅಂಗಾಲಿನವರೆಗೆ ಕಾಣುವಂತೆ ಕ್ಯಾಮೆರಾ ದೂರವಿಟ್ಟು, ಅದು ಅಲುಗಾಡದಂತೆ ನೋಡಿಕೊಳ್ಳುವುದು ಅವರ ಕೆಲಸ. ಧ್ವನಿ ತಡವಾಗಿ ತಲುಪುವುದರಿಂದ ಗುರುವಿನ ತಟ್ಟುಮಣೆಗೂ ಮಗುವಿನ ಕಾಲಿಗೂ ತಾಳ ಕೂಡುವುದಿಲ್ಲ, ಅದನ್ನು ಮಗುವಿನ ತಪ್ಪೆಂದು ಎಣಿಸಬಾರದು.

ಇಷ್ಟನ್ನೂ ಒಳಗೊಂಡ ಸಂದೇಶ ಉದ್ದವಾಗಬೇಕಿಲ್ಲ. ಆರು ವರ್ಷದ ಆ ಹುಡುಗಿಯ ಮನೆಗೆ ಹೀಗೆ ಬರೆದರೆ ಸಾಕು:

"ನಮಸ್ಕಾರ. ನಿಮ್ಮ ಮಗಳ ಭರತನಾಟ್ಯ ಟ್ರಯಲ್ ಕ್ಲಾಸ್ ಈ ಶನಿವಾರ ಸಂಜೆ. 4.45ಕ್ಕೆ ಬನ್ನಿ, ತರಗತಿ 5ರಿಂದ 5.45, ಆಮೇಲೆ ಹತ್ತು ನಿಮಿಷ ಮಾತಾಡೋಣ. ಹತ್ತಿಯ ಚೂಡಿದಾರ ಅಥವಾ ಲೆಗಿಂಗ್ಸ್-ಕುರ್ತಾ ಹಾಕಿಸಿ. ಲಂಗ, ಫ್ರಾಕ್, ಜೀನ್ಸ್ ಬೇಡ. ಜಡೆ ಹಾಕಿರಲಿ, ಕಾಲ್ಗೆಜ್ಜೆ ಬಿಚ್ಚಿರಲಿ. ಬಟ್ಟೆ ಬದಲಿಸಲು ಕೋಣೆ ಇದೆ. ಅಭ್ಯಾಸದ ಸೀರೆ, ಗೆಜ್ಜೆ ಈಗ ಕೊಳ್ಳಬೇಡಿ. 3.30ರ ಹೊತ್ತಿಗೆ ಹಗುರವಾಗಿ ತಿನ್ನಿಸಿ, ನೀರಿನ ಬಾಟಲಿ ಕೊಡಿ. ಪೋಷಕರಲ್ಲಿ ಒಬ್ಬರು ಮೊದಲ ಹದಿನೈದು ನಿಮಿಷ ಒಳಗೆ, ಆಮೇಲೆ ಹೊರಗಿನ ಬೆಂಚಿನಲ್ಲಿ ಇರಬಹುದು, ಬಾಗಿಲು ತೆರೆದಿರುತ್ತದೆ. ಮಂಡಿ, ಬೆನ್ನನ್ನು ಕೈಯಿಂದ ತಿದ್ದುತ್ತೇವೆ, ಬೇಡವಾದರೆ ತಿಳಿಸಿ. ಉಬ್ಬಸ, ಮೂಳೆ ಮುರಿತ, ಇತ್ತೀಚಿನ ಜ್ವರ ಇದ್ದರೆ ಮೊದಲೇ ಹೇಳಿ. ಈ ತರಗತಿಗೆ ಶುಲ್ಕವಿಲ್ಲ."

ಶುಲ್ಕವಿದ್ದರೆ ಮೊತ್ತವನ್ನೂ, ವಿಳಾಸದ ಜೊತೆ ಎಷ್ಟನೇ ಮಹಡಿ ಎಂಬುದನ್ನೂ ಸೇರಿಸಿದರೆ ಶಾಲೆಯ ಕಡೆಯಿಂದ ಹೇಳಬೇಕಾದ್ದು ಮುಗಿಯಿತು. ಇದಕ್ಕೆ ಪೋಷಕರು ಬರೀ ಹೆಬ್ಬೆರಳಿನ ಚಿತ್ರ ಕಳಿಸದೆ ಮಗುವಿನ ವಯಸ್ಸು, ಜೊತೆಗೆ ಬರುವವರು ಯಾರು, ಆರೋಗ್ಯದ ತೊಂದರೆ ಏನಾದರೂ ಇದೆಯೇ ಎಂಬ ಮೂರು ಮಾತು ಬರೆಯಬೇಕು. ಹೊಸ ಮಗು ಬರುತ್ತದೆಂದು ಗುರು ಆ ದಿನದ ಪಾಠವನ್ನೇ ನಿಧಾನಗೊಳಿಸಿ, ಹಳೆಯ ವಿದ್ಯಾರ್ಥಿಗಳ ಹೊತ್ತನ್ನು ತೆಗೆದಿಟ್ಟಿರುತ್ತಾರೆ. ಬರಲಾಗದಿದ್ದರೆ ದಯವಿಟ್ಟು ಹಿಂದಿನ ದಿನವೇ ತಿಳಿಸಿ.